ಫಲಕದ ಅಕ್ಷರಕ್ಕೆ ನಯವಾದ ಅಂಚು: ಇಲಸ್ಟ್ರೇಟರ್‌ನ ಪೆನ್ ಟೂಲ್

ಪಡುಬಿದ್ರಿ–ಕಾರ್ಕಳ ಹೆದ್ದಾರಿಯ ಬೆಳ್ಮಣ್‌ನಲ್ಲಿ ಅಂಗಡಿಯೊಂದಕ್ಕೆ ಸ್ಟಿಕ್ಕರ್ ಅಕ್ಷರಗಳ ಫಲಕ ಸಿದ್ಧವಾಗಬೇಕಿದೆ ಎಂದಿಟ್ಟುಕೊಳ್ಳೋಣ. 'ಅಂಗಡಿ' ಎಂಬ ಪದದ ಅನುಸ್ವಾರವು ದುಂಡಗಿನ ಬಳೆ. ಅದರ ಹೊರಗಿನ ತ್ರಿಜ್ಯ 50 ಮಿ.ಮೀ. ಸ್ಕ್ಯಾನ್ ಮಾಡಿದ ಚಿತ್ರವನ್ನು ತಂತ್ರಾಂಶವೇ ಗೆರೆಯಾಗಿಸಿದರೆ ಅನಗತ್ಯ ಆಂಕರ್ ಬಿಂದುಗಳು ಸೇರಿಕೊಳ್ಳುವುದುಂಟು. ಆಗ ಕತ್ತರಿಸುವ ಯಂತ್ರದ ಅಲಗು ಅಲ್ಲಲ್ಲಿ ದಿಕ್ಕು ಬದಲಿಸಿ ಅಂಚು ಒರಟಾಗುತ್ತದೆ.

ಈ ವೃತ್ತಕ್ಕೆ ನಾಲ್ಕೇ ಬಿಂದುಗಳು ಸಾಕು: ಮೇಲೆ, ಬಲಕ್ಕೆ, ಕೆಳಗೆ, ಎಡಕ್ಕೆ. ಪೆನ್ ಟೂಲ್ ಹಿಡಿದು ಮೇಲಿನ ಬಿಂದುವಿನಲ್ಲಿ ಒತ್ತಿ, Shift ಅದುಮಿಕೊಂಡು ಬಲಕ್ಕೆ ಎಳೆಯಿರಿ. ಬಿಂದುವಿನ ಎರಡೂ ಬದಿಗೆ ಹಿಡಿಗಳು ಮೂಡುತ್ತವೆ. ಪ್ರತಿ ಹಿಡಿಯ ಉದ್ದ ತ್ರಿಜ್ಯದ ಸುಮಾರು 0.552 ಪಾಲು, ಅಂದರೆ 27.6 ಮಿ.ಮೀ. ಇರಲಿ. ಬಲಬಿಂದುವಿನಲ್ಲಿ ಕೆಳಕ್ಕೆ, ಕೆಳಬಿಂದುವಿನಲ್ಲಿ ಎಡಕ್ಕೆ, ಎಡಬಿಂದುವಿನಲ್ಲಿ ಮೇಲಕ್ಕೆ ಅಷ್ಟೇ ಎಳೆಯತಕ್ಕದ್ದು. ಕೊನೆಗೆ ಮೊದಲ ಬಿಂದುವಿಗೆ ಮರಳಿದಾಗ ಬರಿದೇ ಕ್ಲಿಕ್ ಮಾಡದೆ ಅಲ್ಲಿಯೂ ಎಳೆಯಬೇಕು. ಇಲ್ಲವಾದರೆ ಒಂದು ಹಿಡಿ ಅಳಿದು ಕೊನೆಯ ಕಾಲುಭಾಗ ಚಪ್ಪಟೆಯಾಗುತ್ತದೆ.

ಹಿಡಿ ಗಿಡ್ಡವಾದರೆ ವೃತ್ತವು ವಜ್ರಾಕಾರಕ್ಕೂ, ಉದ್ದವಾದರೆ ಚೌಕಕ್ಕೂ ವಾಲುತ್ತದೆ. ಒಂದೇ ಬಿಂದುವಿನ ಎರಡು ಹಿಡಿಗಳು ಒಂದೇ ನೇರದಲ್ಲಿರದಿದ್ದರೆ ಅಲ್ಲಿ ಮೊನೆ ಕಾಣುತ್ತದೆ. ಆದರೆ ತಲೆಕಟ್ಟಿನ ತುದಿಯಂತಹ ನಿಜವಾದ ಮೂಲೆಗೆ ಅದೇ ಬೇಕು. ಅಲ್ಲಿ Alt ಅದುಮಿ ಒಂದು ಹಿಡಿಯನ್ನು ಮಾತ್ರ ತಿರುಗಿಸಬಹುದು.

ಬಳೆಯ ಒಳವೃತ್ತದ ತ್ರಿಜ್ಯ 35 ಮಿ.ಮೀ. ಆದರೆ ಹಿಡಿ 19.3 ಮಿ.ಮೀ. ಕತ್ತರಿಸುವ ಮುನ್ನ Ctrl+Y ಒತ್ತಿ ಬಣ್ಣವಿಲ್ಲದ ಬರಿಯ ಗೆರೆಯನ್ನು ಹಿಗ್ಗಿಸಿ ಪರೀಕ್ಷಿಸುವುದು ಒಳಿತು.