ಸೋಪು ಮಾಡುವ ಕೆಲಸ

ಪ್ರಶ್ನೆ: ಬರೀ ನೀರಿನಲ್ಲಿ ಕೈ ತೊಳೆದರೆ ಸಾಲದೇ ಮೇಡಂ?
– ಪಿಯು ವಿದ್ಯಾರ್ಥಿಗಳು

ಸೂಕ್ಷ್ಮಜೀವಶಾಸ್ತ್ರ ಅಧ್ಯಾಪಕಿಯ ಉತ್ತರ:

ಸೂಕ್ಷ್ಮಾಣುಗಳು ಕೈಮೇಲಿನ ಜಿಡ್ಡಿಗೆ ಅಂಟಿಕೊಂಡಿರುತ್ತವೆ. ಜಿಡ್ಡು ನೀರಿನಲ್ಲಿ ಕರಗದು. ಸೋಪಿನ ಅಣುವಿನ ಒಂದು ತುದಿ ಜಿಡ್ಡನ್ನು ಹಿಡಿದರೆ, ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ಉಜ್ಜಿದಾಗ ಜಿಡ್ಡು ಸಣ್ಣ ಹನಿಗಳಾಗಿ ಒಡೆದು, ಸೂಕ್ಷ್ಮಾಣುಗಳ ಸಮೇತ ನೀರಿನೊಂದಿಗೆ ಹರಿದುಹೋಗುತ್ತದೆ.

ಕೊರೊನಾ ವೈರಸ್‌ಗೆ ಕೊಬ್ಬಿನ ಹೊದಿಕೆಯಿದೆ. ಸೋಪು ಅದನ್ನೇ ಒಡೆದುಹಾಕುತ್ತದೆ. ವಾಂತಿಭೇದಿ ತರುವ ನೊರೊವೈರಸ್‌ಗೆ ಅಂಥ ಹೊದಿಕೆಯಿಲ್ಲ. ಸೋಪಿಗೆ ಅದು ಸಾಯುವುದಿಲ್ಲ, ಕೈಯಿಂದ ಕಳಚಿ ಹೋಗುತ್ತದೆ ಅಷ್ಟೇ. ಹೀಗಾಗಿ ಚೆನ್ನಾಗಿ ಉಜ್ಜಿ ನೀರು ಹರಿಸಲೇಬೇಕು. ನೊರೊವೈರಸ್ ಮೇಲೆ ಸ್ಯಾನಿಟೈಸರ್ ಆಟ ಅಷ್ಟಾಗಿ ನಡೆಯದು.

ಹೆಬ್ಬೆರಳು, ಉಗುರಿನ ಸಂದು ಹೆಚ್ಚಾಗಿ ತಪ್ಪಿಹೋಗುವ ಜಾಗಗಳು. ಅಲ್ಲಿಯೂ ನೊರೆ ತಾಕುವಂತೆ 20 ಸೆಕೆಂಡು ಉಜ್ಜಿ, ತೊಳೆದು, ಶುಭ್ರವಾದ ಒಣಬಟ್ಟೆಯಲ್ಲಿ ಒರೆಸಿಕೊಳ್ಳಿ.