ಒಂದೇ ಮೂಟೆಯ ಸಬ್ಬಕ್ಕಿಗೆ ಹಲವು ಹೆಸರು: ಮೂಲ ಪತ್ತೆ ಮಾಡುವುದು ಹೇಗೆ?

ಸೇಲಂನಿಂದ ಓಮಲೂರಿಗೆ ಹೋಗುವ ರಸ್ತೆಯಲ್ಲಿ ಜಾಗೀರ್ ಅಮ್ಮಾಪಾಳ್ಯ ಸಿಗುತ್ತದೆ. ಸಬ್ಬಕ್ಕಿ ಮತ್ತು ಸ್ಟಾರ್ಚ್ ತಯಾರಕರ ಸಹಕಾರ ಸಂಘ 'ಸೇಗೋಸರ್ವ್' ಇರುವುದು ಇಲ್ಲೇ. 1981ರಲ್ಲಿ ಶುರುವಾದ ಈ ಸಂಘದ ಗೋದಾಮಿಗೆ ಸುತ್ತಲಿನ ಕಾರ್ಖಾನೆಗಳು 90 ಕಿಲೋ ಮೂಟೆಗಳಲ್ಲಿ ಸಬ್ಬಕ್ಕಿ ತಂದಿಳಿಸುತ್ತವೆ. ಮಾದರಿಯ ಪರೀಕ್ಷೆ ನಡೆಯುತ್ತದೆ, ವ್ಯಾಪಾರಿಗಳು ಟೆಂಡರ್ ಹಾಕುತ್ತಾರೆ, ಮೂಟೆಗಳು ಊರೂರಿಗೆ ಹೊರಡುತ್ತವೆ. ಅವನ್ನು ಬಿಚ್ಚಿ ಅರ್ಧ ಕಿಲೋ ಪ್ಯಾಕೆಟ್ ಕಟ್ಟಿ, ಮೇಲೊಂದು ಹೆಸರು ಅಚ್ಚು ಹಾಕುವವರು ಬೇರೆಯೇ ಜನ.

ಇದರಲ್ಲಿ ಮೋಸವೇನೂ ಇಲ್ಲ. ಮರಗೆಣಸನ್ನು ಸುಲಿದು, ಅರೆದು, ಹಾಲನ್ನು ತೊಟ್ಟಿಯಲ್ಲಿ ತಿಳಿಯಾಗಲು ಬಿಟ್ಟು, ಕೆಳಗೆ ಕೂತ ಹಿಟ್ಟನ್ನು ಜಾಲಾಡಿಸಿ ಕಾಳು ಮಾಡಿ, ಕಾದ ತಗಡಿನ ಮೇಲೆ ಹುರಿದು ಕಣದಲ್ಲಿ ಒಣಗಿಸುವುದರಲ್ಲೇ ಕಾರ್ಖಾನೆಯವರ ದುಡ್ಡು ಮುಗಿದಿರುತ್ತದೆ. ಅಂಗಡಿ ಅಂಗಡಿಗೆ ಮಾಲು ತಲುಪಿಸುವ ಜಾಲ ಇರುವುದು ಪ್ಯಾಕ್ ಮಾಡುವವರ ಬಳಿ. ಸೂಪರ್ ಮಾರ್ಕೆಟ್‌ಗಳು ತಮ್ಮದೇ ಹೆಸರಿನಲ್ಲಿ ಮಾರುವ 'ಪ್ರೈವೇಟ್ ಲೇಬಲ್' ಪ್ಯಾಕೆಟ್‌ಗಳ ಹಿಂದಿರುವುದೂ ಇದೇ ಲೆಕ್ಕ: ತಯಾರಿಕೆ ಒಬ್ಬರದು, ಹೆಸರು ಇನ್ನೊಬ್ಬರದು.

ಈಗ ಎರಡು ಬ್ರಾಂಡಿನ ಸಬ್ಬಕ್ಕಿ ಒಂದೇ ಕಾರ್ಖಾನೆಯದೋ ಅಲ್ಲವೋ ಎಂದು ತಿಳಿಯಲು ಅನೇಕರು ಮೊಬೈಲ್ ಎತ್ತಿ ಫೋಟೊ ತೆಗೆದು ಹೋಲಿಸುತ್ತಾರೆ. ಫೋಟೊ ಹುಡುಕಾಟ ನೋಡುವುದು ಬಣ್ಣ, ಆಕಾರ, ಅಚ್ಚಿನ ಅಕ್ಷರ, ಇಷ್ಟನ್ನೇ. ಪ್ಯಾಕೆಟ್ಟಿನ ಮುಂಭಾಗ ಹೋಲಿಸಿದರೆ ಒಂದೇ ಮೂಟೆಯ ಮಾಲು ಎರಡು ಬೇರೆ ವಸ್ತುವಾಗಿ ಕಾಣುತ್ತದೆ. ಕಾಳನ್ನೇ ಹೋಲಿಸಿದರೆ ತಪ್ಪು ತಿರುಗುಮುರುಗು: ಒಂದೇ ಅಳತೆಯ ಜರಡಿಯಲ್ಲಿ ಇಳಿದ ಹತ್ತು ಕಾರ್ಖಾನೆಗಳ ಕಾಳು ಒಂದೇ ಥರ ಬೆಳ್ಳಗೆ, ಗುಂಡಗೆ ಇರುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇಡದಿದ್ದರೆ ಸಣ್ಣ ಕಾಳು ದಪ್ಪ ಕಾಳಿನಂತೆಯೇ ಕಾಣುತ್ತದೆ. ಆನ್‌ಲೈನ್ ಅಂಗಡಿಯ ಚಿತ್ರವಂತೂ ಯಾವ ಮಾಲಿನದೆಂದು ಹೇಳುವಂತಿಲ್ಲ. ಇನ್ನೂ ದೊಡ್ಡ ತೊಡಕೆಂದರೆ, ಈ ತಿಂಗಳು ಒಂದು ಕಾರ್ಖಾನೆಯಿಂದ ಕೊಂಡ ಬ್ರಾಂಡು ಮುಂದಿನ ತಿಂಗಳು ಬೇರೆಯವರಿಂದ ಕೊಳ್ಳಬಹುದು. ಪ್ಯಾಕೆಟ್ಟು ಅದೇ, ಫೋಟೊ ಅದೇ, ಒಳಗಿನ ಮಾಲು ಮಾತ್ರ ಬೇರೆ.

ಹಾಗಾಗಿ ಮೊದಲು ಪ್ಯಾಕೆಟ್ ತಿರುಗಿಸಿ ಹಿಂಭಾಗ ಓದಬೇಕು. 'ಮ್ಯಾನುಫ್ಯಾಕ್ಚರ್ಡ್ ಬೈ', 'ಪ್ಯಾಕ್ಡ್ ಬೈ', 'ಮಾರ್ಕೆಟೆಡ್ ಬೈ' ಎಂಬ ಮೂರು ಸಾಲುಗಳ ಮುಂದೆ ಯಾರ ವಿಳಾಸವಿದೆ ನೋಡಿ. ಬ್ರಾಂಡಿನವರ ಹೆಸರೂ ವಿಳಾಸವೂ ಇರಲೇಬೇಕು, ತಯಾರಿಸಿದವರೋ ಪ್ಯಾಕ್ ಮಾಡಿದವರೋ ಬೇರೆಯಾದರೆ ಅವರ ಲೈಸೆನ್ಸು ಸಂಖ್ಯೆಯೂ ಇರಬೇಕು ಎಂದು ಎಫ್‌ಎಸ್‌ಎಸ್‌ಎಐ ಲೇಬಲ್ ನಿಯಮ ಹೇಳುತ್ತದೆ.

ಆಮೇಲೆ ಎಫ್‌ಎಸ್‌ಎಸ್‌ಎಐ ಗುರುತಿನ ಕೆಳಗಿನ 14 ಅಂಕಿಗಳು. ಎರಡು ಪ್ಯಾಕೆಟ್ ಇವೆ ಎಂದುಕೊಳ್ಳಿ. ಒಂದರ ಬ್ರಾಂಡ್ ಬೆಂಗಳೂರಿನದು, ಇನ್ನೊಂದರದು ಹುಬ್ಬಳ್ಳಿಯದು. ಎರಡರಲ್ಲೂ 112ರಿಂದ ಶುರುವಾಗುವ ಬೇರೆ ಬೇರೆ ಸಂಖ್ಯೆ ಇದೆ. 1 ಎಂದರೆ ಲೈಸೆನ್ಸು, 12 ಕರ್ನಾಟಕದ ಸಂಕೇತ, ನಂತರದ ಎರಡಂಕಿ ವರ್ಷ. ಇವು ಬ್ರಾಂಡಿನವರ ಸಂಖ್ಯೆಗಳು. ಜೊತೆಗೆ 124ರಿಂದ ಶುರುವಾಗುವ ಇನ್ನೊಂದು ಸಂಖ್ಯೆ ಎರಡರಲ್ಲೂ ಇದ್ದರೆ, ಅದು ತಮಿಳುನಾಡಿನ ಘಟಕದ್ದು. 14 ಅಂಕಿಯೂ ಹೊಂದಿದರೆ ಎರಡೂ ಒಂದೇ ಘಟಕದಿಂದ ಬಂದಿವೆ. ಆ ಸಂಖ್ಯೆಯನ್ನು foscos.fssai.gov.in ತಾಣದಲ್ಲಿ ಹಾಕಿದರೆ ಲೈಸೆನ್ಸು ಯಾರದೆಂದು ಕಾಣುತ್ತದೆ. ಆದರೆ ಆ ಘಟಕ ತಯಾರಿಸುತ್ತದೋ ಬರೀ ಪ್ಯಾಕ್ ಮಾಡುತ್ತದೋ ಎಂಬುದನ್ನೂ ನೋಡಿಕೊಳ್ಳಿ. ಪ್ಯಾಕ್ ಮಾಡುವ ಘಟಕವಾದರೆ ಅಲ್ಲಿಗೆ ಹಲವು ಕಾರ್ಖಾನೆಗಳ ಮೂಟೆ ಬಂದಿರಬಹುದು. ಅಂಥ ಕಡೆ ಪ್ಯಾಕೆಟ್ ನೋಡಿ ಕಾರ್ಖಾನೆ ಹೇಳಲು ಬರುವುದಿಲ್ಲ.

ಬಾರ್‌ಕೋಡನ್ನು ನಂಬಿ ಕೂರಬೇಡಿ. 890 ಎಂಬ ಆರಂಭ ಆ ಸಂಖ್ಯೆ ಭಾರತದ ಜಿಎಸ್1 ಸಂಸ್ಥೆಯಿಂದ ಪಡೆದದ್ದು ಎನ್ನುತ್ತದೆ, ಅಷ್ಟೆ. ಅದು ಸಾಮಾನ್ಯವಾಗಿ ಬ್ರಾಂಡಿನವರ ಸಂಖ್ಯೆ. ಮಾಲು ಎಲ್ಲಿ ತಯಾರಾಯಿತು ಎಂಬುದಕ್ಕೆ ಸಾಕ್ಷಿಯಲ್ಲ.

ಅಡುಗೆಮನೆಯಲ್ಲಿ ಒಂದು ಪರೀಕ್ಷೆಯೂ ಉಂಟು. ಎರಡೂ ಪ್ಯಾಕೆಟ್ಟಿನಿಂದ ಒಂದೊಂದು ಚಮಚ ಕಾಳನ್ನು ಅಷ್ಟಷ್ಟೇ ನೀರಿನಲ್ಲಿ, ಅಷ್ಟೇ ಹೊತ್ತು ನೆನೆಸಿ. ಹುರಿದ ಸಾದಾ ಸಬ್ಬಕ್ಕಿಗೂ ಹಬೆಯಲ್ಲಿ ಬೆಂದ ನೈಲಾನ್ ಸಬ್ಬಕ್ಕಿಗೂ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ. ಎರಡೂ ಒಂದೇ ಥರ ನೆನೆದರೆ ಜಾತಿ ಒಂದೇ ಎನ್ನಬಹುದು, ಕಾರ್ಖಾನೆ ಒಂದೇ ಎನ್ನಲಾಗದು.

'ಸೇಲಂ ಸಬ್ಬಕ್ಕಿ'ಗೆ 2023ರಲ್ಲಿ ಸಿಕ್ಕ ಭೌಗೋಳಿಕ ಗುರುತು ಕೂಡ ಪ್ರದೇಶವನ್ನು ಹೇಳುತ್ತದೆಯೇ ಹೊರತು ಕಾರ್ಖಾನೆಯನ್ನಲ್ಲ. ಮಾಲಿನಲ್ಲಿ ದೋಷ ಕಂಡರೆ ಬ್ಯಾಚ್ ನಂಬರು, ಪ್ಯಾಕ್ ಮಾಡಿದ ದಿನಾಂಕ, 14 ಅಂಕಿಗಳ ಸಂಖ್ಯೆ, ಇವು ಸ್ಪಷ್ಟವಾಗಿ ಕಾಣುವಂತೆ ಫೋಟೊ ತೆಗೆದಿಟ್ಟು, ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಖಾಲಿ ಪ್ಯಾಕೆಟ್ಟನ್ನೂ ರಸೀದಿಯನ್ನೂ ದೂರು ಮುಗಿಯುವ ತನಕ ಎಸೆಯಬೇಡಿ.