ಮೈನಸ್ ಹದಿನಾರಕ್ಕೆ ತರುವುದು ಹೇಗೆ

ಎಡಿಟಿಂಗ್ ತಂತ್ರಾಂಶದಲ್ಲಿ ಹಸಿರು, ಹಳದಿ, ಕೆಂಪಾಗಿ ಕುಣಿಯುವ ಪಟ್ಟಿ ಇರುತ್ತದಲ್ಲ, ಅದು ಪೀಕ್ ಮೀಟರ್. ಸಿಗ್ನಲ್ ಸೊನ್ನೆ ಮುಟ್ಟಿ ಒಡೆಯುತ್ತಿದೆಯೇ ಎಂಬುದನ್ನಷ್ಟೇ ಅದು ಹೇಳುತ್ತದೆ. ಕೇಳುಗರಿಗೆ ಮಾತು ಎಷ್ಟು ಜೋರಾಗಿ ಕೇಳಿಸುತ್ತದೆ ಎಂದು ತಿಳಿಯಬೇಕಾದರೆ ಲೌಡ್‌ನೆಸ್ ಮೀಟರ್ ಬೇಕು. ಒಂದು ಚಪ್ಪಾಳೆಯೂ ಒಂದು ನಿಮಿಷದ ಮಾತೂ ಒಂದೇ ಪೀಕ್ ತೋರಿಸಬಹುದು, ಆದರೆ ಕಿವಿಗೆ ಅವೆರಡೂ ಒಂದೇ ಅಲ್ಲ.

ಲೌಡ್‌ನೆಸ್ ಅಳೆಯುವ ಕ್ರಮವನ್ನು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ BS.1770 ಎಂಬ ಹೆಸರಿನಲ್ಲಿ ಪ್ರಕಟಿಸಿತು. ಈಗಿನ ಮೀಟರುಗಳೆಲ್ಲ ಅದನ್ನೇ ಪಾಲಿಸುತ್ತವೆ. ನಮ್ಮ ಕಿವಿ ತಗ್ಗಿನ ಗುಂಯ್‌ಗುಡುವಿಕೆಯನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಮಾತನ್ನು ಸ್ಪಷ್ಟಗೊಳಿಸುವ ಮೇಲಿನ ಸ್ವರಗಳಿಗೆ ಬೇಗ ಎಚ್ಚೆತ್ತುಕೊಳ್ಳುತ್ತದೆ. ಮೀಟರ್ ಕೂಡ ಹಾಗೆಯೇ ಸೋಸಿ, ಆಮೇಲೆ ಸರಾಸರಿ ತೆಗೆಯುತ್ತದೆ. ಉತ್ತರ LUFS ಎಂಬ ಮಾನದಲ್ಲಿ ಬರುತ್ತದೆ. ಸೊನ್ನೆಯಿಂದ ಕೆಳಕ್ಕೆ ಎಣಿಸುವುದರಿಂದ ಅದು ಯಾವಾಗಲೂ ಮೈನಸ್ ಎಂದೇ ಇಟ್ಟುಕೊಳ್ಳಿ: −16 ಎಂಬುದು −23ಕ್ಕಿಂತ ಜೋರು. ದನಿಯನ್ನು ಒಂದು ಡೆಸಿಬಲ್ ಏರಿಸಿದರೆ ಈ ಅಂಕಿಯೂ ಒಂದು ಏರುತ್ತದೆ. ಗಣಿತ ಇಷ್ಟೇ.

ಹಂತ 1: ಗುರಿ ಗೊತ್ತುಮಾಡಿಕೊಳ್ಳಿ

ಆಪಲ್ ಪಾಡ್‌ಕಾಸ್ಟ್ಸ್ ಕೇಳುವುದು −16, ಒಂದು ಅಂಕಿ ಆಚೀಚೆ ಆದರೂ ಸರಿ. ಪೀಕ್ −1 ದಾಟಬಾರದು. ಸ್ಪಾಟಿಫೈ ಮತ್ತು ಯೂಟ್ಯೂಬ್ −14ರ ಸುತ್ತ ಇವೆ. ಯುರೋಪಿನ ಟೀವಿಯ −23 ಎಂಬ ಅಂಕಿಯೂ ಕಣ್ಣಿಗೆ ಬೀಳುತ್ತದೆ. ಅದು ಮನೆಯ ಟೀವಿಗೆ ಸರಿ, ಬಸ್ಸಿನಲ್ಲಿ ಫೋನ್ ಹಿಡಿದು ಕೇಳುವವರಿಗೆ ತೀರಾ ಮೆಲ್ಲಗಾಗುತ್ತದೆ. ಮಾತಿನ ಕಾರ್ಯಕ್ರಮಕ್ಕೆ −16 ಹಿಡಿದರೆ ಸಾಕು ಎಂಬುದು ನನ್ನ ಅಭಿಪ್ರಾಯ. −14ಕ್ಕೆ ಒತ್ತಿ ತುಂಬಿದ ಮಾತನ್ನು ಅರ್ಧ ಗಂಟೆ ಕೇಳಿದರೆ ಕಿವಿ ದಣಿಯುತ್ತದೆ.

ಹಂತ 2: ಮೀಟರನ್ನು ಸರಿಯಾದ ಜಾಗದಲ್ಲಿ ಕೂರಿಸಿ

Youlean Loudness Meterನ ಉಚಿತ ಆವೃತ್ತಿ ಕಲಿಯುವವರಿಗೆ ಧಾರಾಳವಾಯಿತು. ಅದನ್ನು ಮಾಸ್ಟರ್ ಟ್ರ್ಯಾಕಿನಲ್ಲಿ, ಉಳಿದೆಲ್ಲ ಎಫೆಕ್ಟುಗಳ ನಂತರ, ಕಟ್ಟಕಡೆಗೆ ಹಾಕಿ. ಪರದೆಯಲ್ಲಿ ಹಲವು ಅಂಕಿಗಳು ಓಡುತ್ತವೆ. Momentary ಎಂಬುದು ಕಳೆದ 400 ಮಿಲಿಸೆಕೆಂಡಿನದು, Short-term ಕಳೆದ ಮೂರು ಸೆಕೆಂಡಿನದು. ಗುರಿಗೆ ಹೋಲಿಸಬೇಕಾದದ್ದು Integrated ಮಾತ್ರ. ಅದು ಆರಂಭದಿಂದ ಇಲ್ಲಿಯವರೆಗಿನ ಸರಾಸರಿ. ಆದ್ದರಿಂದ ಮೊದಲು ರೀಸೆಟ್ ಮಾಡಿ, ಸಂಚಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓಡಿಸಿ. ನಡುವಿನ ಎರಡು ನಿಮಿಷ ಅಳೆದರೆ ಸಿಗುವುದು ಆ ಎರಡು ನಿಮಿಷದ ಲೆಕ್ಕ.

ಅಷ್ಟು ಹೊತ್ತು ಕಾಯಲು ಪುರುಸೊತ್ತಿಲ್ಲದವರು ffmpeg ಬಳಸಬಹುದು. ಉದ್ದನೆಯ ಕಡತವನ್ನೂ ಅದು ಬೇಗ ಅಳೆದು ಮುಗಿಸುತ್ತದೆ:

```
ffmpeg -nostats -i episode.wav -af ebur128=peak=true:dualmono=true -f null -
```

ಕೊನೆಯಲ್ಲಿ ಬರುವ Summary ಭಾಗದಲ್ಲಿ `I:` ಮುಂದಿನ ಅಂಕಿ ಲೌಡ್‌ನೆಸ್, `Peak:` ಮುಂದಿನದು ಪೀಕ್. `dualmono` ಎಂಬುದನ್ನು ಬಿಡಬೇಡಿ. ಒಂದೇ ಚಾನೆಲ್ಲಿನ ಮೋನೋ ಕಡತ ಎರಡೂ ಸ್ಪೀಕರಿನಲ್ಲಿ ಕೇಳಿಸುತ್ತದೆ, ಆದರೆ ಮೀಟರ್ ಒಂದನ್ನೇ ಎಣಿಸಿ 3 ಅಂಕಿ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ −16ಕ್ಕೆ ಏರಿಸಿದರೆ ನಿಮ್ಮ ಸಂಚಿಕೆ ಪಕ್ಕದವರದ್ದಕ್ಕಿಂತ 3 ಡೆಸಿಬಲ್ ಜೋರಾಗಿ ಅರಚುತ್ತದೆ.

ಹಂತ 3: ಮೊದಲು ಇಬ್ಬರ ದನಿ ಸಮ ಮಾಡಿ

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ಒಂದು ಸಂದರ್ಶನ ಎಂದಿಟ್ಟುಕೊಳ್ಳಿ. ನಿರೂಪಕಿ ಒಳ್ಳೆಯ ಮೈಕಿನ ಹತ್ತಿರ ಕೂತಿದ್ದಾರೆ, ಅವರ ಟ್ರ್ಯಾಕ್ −20. ಅತಿಥಿ ಮೈಕಿನಿಂದ ದೂರ ಕೂತಿದ್ದಾರೆ, ಅವರದು −27. ಇಬ್ಬರೂ ಹೆಚ್ಚುಕಡಿಮೆ ಸಮ ಹೊತ್ತು ಮಾತಾಡಿದ್ದಾರೆ. ಒಟ್ಟು ಅಳೆದರೆ ಮೀಟರ್ ಸುಮಾರು −22 ಎನ್ನುತ್ತದೆ. ಇಡೀ ಕಡತವನ್ನು 6 ಡೆಸಿಬಲ್ ಏರಿಸಿದರೆ −16 ಬಂತು, ಕೆಲಸ ಮುಗಿಯಿತು ಎನಿಸುತ್ತದೆ. ಆದರೆ ಈಗ ನಿರೂಪಕಿ −14ರಲ್ಲಿ, ಅತಿಥಿ −21ರಲ್ಲಿ. ಕೇಳುವವರು ಪ್ರತಿ ಪ್ರಶ್ನೆಗೂ ದನಿ ಇಳಿಸಿ, ಪ್ರತಿ ಉತ್ತರಕ್ಕೂ ಏರಿಸುತ್ತ ಕೂರಬೇಕು.

ಅಂತರ ಇನ್ನೂ ಹೆಚ್ಚಿದ್ದರೆ ಮೀಟರ್ ಇನ್ನೂ ದಾರಿ ತಪ್ಪಿಸುತ್ತದೆ. ಮಾತಿನ ನಡುವಿನ ಮೌನ ಸರಾಸರಿಯನ್ನು ಎಳೆಯಬಾರದೆಂದು ಅದು ಸರಾಸರಿಗಿಂತ 10 ಅಂಕಿ ಕೆಳಗಿರುವ ಭಾಗಗಳನ್ನು ಲೆಕ್ಕದಿಂದಲೇ ಬಿಡುತ್ತದೆ. ಅತಿಥಿಯ ದನಿ ಅಷ್ಟು ಕೆಳಗಿದ್ದರೆ ಮೀಟರಿಗೆ ಅವರ ಮಾತೂ ಮೌನವೇ. ಆಗ ಅಂಕಿ ಚೆನ್ನಾಗಿ ಬರುತ್ತದೆ, ಅತಿಥಿ ಕೇಳಿಸುವುದೇ ಇಲ್ಲ.

ಹಾಗಾಗಿ ಒಬ್ಬೊಬ್ಬರ ಟ್ರ್ಯಾಕನ್ನು ಸೋಲೋ ಮಾಡಿ ಬೇರೆಬೇರೆಯಾಗಿ ಅಳೆಯಿರಿ. ನಮ್ಮ ಉದಾಹರಣೆಯಲ್ಲಿ ಅತಿಥಿಯ ಟ್ರ್ಯಾಕಿಗೆ 7 ಡೆಸಿಬಲ್ ಸೇರಿಸಿದರೆ ಇಬ್ಬರೂ −20ಕ್ಕೆ ಬರುತ್ತಾರೆ. ಅವರ ಕೋಣೆಯ ಫ್ಯಾನಿನ ಸದ್ದೂ 7 ಏರುತ್ತದೆ. ಸದ್ದು ತೆಗೆಯುವ ಕೆಲಸವಿದ್ದರೆ ಅದನ್ನು ಇದಕ್ಕೂ ಮೊದಲೇ ಮಾಡಿ. ಇಬ್ಬರನ್ನೂ ಒಂದೇ ಟ್ರ್ಯಾಕಿನಲ್ಲಿ ರೆಕಾರ್ಡ್ ಮಾಡಿದ್ದರೆ ಅತಿಥಿಯ ಮಾತುಗಳನ್ನು ಕತ್ತರಿಸಿ ಒಂದೊಂದಾಗಿ ಏರಿಸಬೇಕು. ಬೇಸರದ ಕೆಲಸ, ಆದರೆ ಅಡ್ಡದಾರಿ ಇಲ್ಲ.

ಹಂತ 4: ಗುರಿಗೆ ಏರಿಸಿ, ತುದಿಗಳನ್ನು ತಡೆಯಿರಿ

ಈಗ ಒಟ್ಟು −20, ಗುರಿ −16, ಅಂದರೆ 4 ಡೆಸಿಬಲ್ ಬೇಕು. ಆದರೆ ಅತಿಥಿ ಒಮ್ಮೆ ಜೋರಾಗಿ ನಕ್ಕ ಕಡೆ ಪೀಕ್ ಈಗಾಗಲೇ −2ರಲ್ಲಿದೆ. 4 ಸೇರಿಸಿದರೆ ಅದು +2 ಆಗಿ ಒಡೆಯುತ್ತದೆ. ಇಲ್ಲಿ ಲಿಮಿಟರ್ ಬೇಕು. 4 ಡೆಸಿಬಲ್ ಏರಿಸಿದ ಮೇಲೆ ಬರುವ ಹಾಗೆ ಅದನ್ನು ಹಾಕಿ, ದಾಟಬಾರದ ಗೆರೆಯನ್ನು −2ಕ್ಕೆ ಇಡಿ. ತಾನಾಗಿ ದನಿ ಏರಿಸುವ ಆಯ್ಕೆ ಅದರಲ್ಲಿದ್ದರೆ ತೆಗೆದುಬಿಡಿ, ಇಲ್ಲವಾದರೆ ನಿಮ್ಮ ಲೆಕ್ಕವೆಲ್ಲ ತಲೆಕೆಳಗು.

ಆಪಲ್ −1 ಎಂದಿರುವಾಗ −2 ಏಕೆ? ಡಿಜಿಟಲ್ ಬಿಂದುಗಳನ್ನು ಮತ್ತೆ ಅಲೆಯಾಗಿ ಜೋಡಿಸುವಾಗ ಎರಡು ಬಿಂದುಗಳ ನಡುವೆ ಅಲೆ ಇನ್ನೂ ಮೇಲೇಳಬಹುದು. ಮೀಟರಿನಲ್ಲಿ True Peak ಎಂದು ಬರುವುದು ಈ ನಡುವಿನ ಎತ್ತರ. ಸಾಧಾರಣ ಲಿಮಿಟರಿಗೆ ಅದು ಕಾಣಿಸುವುದಿಲ್ಲ. ಎಂಪಿ3ಗೆ ಬದಲಿಸುವಾಗಲೂ ತುದಿಗಳು ಕೊಂಚ ಏರುತ್ತವೆ. ಒಂದು ಡೆಸಿಬಲ್ ಜಾಗ ಬಿಟ್ಟರೆ ಎರಡಕ್ಕೂ ಆಸರೆ.

ನಗುವಿನಂಥ ಕೆಲವೇ ಕಡೆ ಲಿಮಿಟರ್ 4 ಡೆಸಿಬಲ್ ತಗ್ಗಿಸಿದರೆ ಯಾರಿಗೂ ಗೊತ್ತಾಗದು. ಪ್ರತಿ ಪದಕ್ಕೂ ಅದು ದುಡಿಯುತ್ತಿದ್ದರೆ ಮಾತು ಚಪ್ಪಟೆಯಾಗಿ, ಉಸಿರೆಳೆಯುವ ಸದ್ದು ಮಾತಿನಷ್ಟೇ ಎದ್ದು ಕೇಳುತ್ತದೆ. ಹಾಗಾದರೆ ಹಿಂದಕ್ಕೆ ಹೋಗಿ ಟ್ರ್ಯಾಕುಗಳಿಗೆ ಹಗುರವಾಗಿ ಕಂಪ್ರೆಸರ್ ಹಾಕಿ ಬನ್ನಿ.

ಆಡಾಸಿಟಿ ಬಳಸುವವರಿಗೆ ಏರಿಸುವ ಕೆಲಸ ಸಲೀಸು: Loudness Normalization ತೆರೆದು ಗುರಿ −16 ಎಂದು ಬರೆಯಿರಿ. ಅದು ತುದಿಗಳನ್ನು ತಡೆಯುವುದಿಲ್ಲ, ಲಿಮಿಟರ್ ಬೇರೆಯಾಗಿ ಹಾಕಬೇಕು.

ಹಂತ 5: ಎಂಪಿ3 ಆದ ಮೇಲೆ ಮತ್ತೆ ಅಳೆಯಿರಿ

ಲಿಮಿಟರ್ ತುದಿ ಕತ್ತರಿಸಿದ್ದರಿಂದ ಒಟ್ಟು ಅಂಕಿ ಕೊಂಚ ಇಳಿದಿರುತ್ತದೆ. −16.3 ಬಂದಿದ್ದರೆ ಮತ್ತೆ ಕೈಹಾಕಬೇಡಿ, ಆ 0.3 ಯಾರ ಕಿವಿಗೂ ಸಿಗದು. True Peak −1ಕ್ಕಿಂತ ಮೇಲಿದ್ದರೆ ಮಾತ್ರ ಲಿಮಿಟರಿನ ಗೆರೆ ಇಳಿಸಿ ಮತ್ತೆ ಎಕ್ಸ್‌ಪೋರ್ಟ್ ಮಾಡಿ.

ಅದೇ ಸಂಚಿಕೆ ಯೂಟ್ಯೂಬಿಗೂ ಹೋದರೆ

ಯೂಟ್ಯೂಬ್ ತನ್ನ ಮಟ್ಟಕ್ಕಿಂತ ಜೋರಾದುದನ್ನು ಇಳಿಸುತ್ತದೆ, ಮೆಲ್ಲಗಿರುವುದನ್ನು ಸಾಮಾನ್ಯವಾಗಿ ಏರಿಸುವುದಿಲ್ಲ. −9ಕ್ಕೆ ಒತ್ತಿ ಹಾಕಿದವರಿಗೆ ಸಿಗುವುದು ಚಪ್ಪಟೆ ಮಾತು, ಹೆಚ್ಚಿನ ದನಿಯಲ್ಲ. ಕಂಪ್ಯೂಟರಿನಲ್ಲಿ ವಿಡಿಯೋ ಮೇಲೆ ಬಲ ಕ್ಲಿಕ್ ಮಾಡಿ Stats for nerds ತೆರೆದರೆ content loudness ಎಂಬ ಅಂಕಿ ಕಾಣುತ್ತದೆ. ಅದು 5.0dB ಎಂದಿದ್ದರೆ ಅಷ್ಟು ಇಳಿಸಿದ್ದಾರೆ ಎಂದರ್ಥ. ಮೈನಸ್ ಇದ್ದರೆ ವಿಡಿಯೋ ಅಷ್ಟು ಮೆಲ್ಲಗಿದೆ. −16ರ ಸಂಚಿಕೆಗೆ ಅಲ್ಲಿ −2ರ ಆಸುಪಾಸು ಬರುತ್ತದೆ. ಬರೀ ಮಾತುಕತೆಯಾದರೆ ನಾನು ಹಾಗೇ ಬಿಡುತ್ತೇನೆ. ಸಂಗೀತವೂ ಬೆರೆತ ವಿಡಿಯೋ ಆದರೆ ಹಂತ 4ಕ್ಕೆ ಮರಳಿ, ಗುರಿಯನ್ನು −14 ಮಾಡಿ ಬೇರೆ ಪ್ರತಿ ತೆಗೆಯುವುದು ಒಳ್ಳೆಯದು.